ಛಂದಸ್ಸಿನ ನೋಟ್ಸ್ ಕೊಟ್ಟ ಅಕ್ಕನಿಗೆ

ಕನ್ನಡ ಎಂ.ಎ. ಸೆಮಿಸ್ಟರಿನ ಫಲಿತಾಂಶ ಬಂದಿದ್ದು, ಛಂದಸ್ಸಿನ ಪತ್ರಿಕೆಯಲ್ಲೂ ತೇರ್ಗಡೆಯಾಗಿದ್ದೇನೆ. ಆ ತಿಂಗಳುಗಳಲ್ಲಿ ಮನೆಯಲ್ಲಿ ನಡೆದದ್ದು ಹತ್ತಿರದವರಿಗೆಲ್ಲ ಗೊತ್ತಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಹಾಜರಿಯ ವಿಷಯದಲ್ಲಿ ನೆರವಾದ ಅಧ್ಯಾಪಕರಿಗೆ, ಊಟ ತೆಗೆದಿಟ್ಟ ಹಾಸ್ಟೆಲಿನ ಗೆಳತಿಯರಿಗೆ, ಗ್ರಂಥಾಲಯದವರಿಗೆ ನಾನು ಋಣಿ.

ಸೀನಿಯರ್ ಅಕ್ಕನಿಗೆ ಮಾತ್ರ ಒಂದೇ ಸಾಲಿನಲ್ಲಿ ಕೃತಜ್ಞತೆ ಹೇಳಲಾಗದು. ಅಕ್ಕಾ, ಪರೀಕ್ಷೆಯ ಹಿಂದಿನ ಸಂಜೆ ಬಂದು ನೋಟ್ಸ್ ಕೇಳಿದವಳಿಗೆ ನೋಟ್‌ಬುಕ್ ಕೊಟ್ಟು ಕಳಿಸಿದ್ದರೂ ಸಾಕಾಗಿತ್ತು. ನೀವು ಬೆಳಗಿನ ಜಾವದವರೆಗೆ ಜೊತೆಗೆ ಕೂತಿರಿ. ಆರು ಖ್ಯಾತಕರ್ಣಾಟಕ ವೃತ್ತಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯಬೇಕಿಲ್ಲ, ಅವು ಮೂರು ಜೋಡಿ ಎಂದು ತೋರಿಸಿದಿರಿ. ಉತ್ಪಲಮಾಲೆಯ ಮೊದಲ ಗುರುವಿನ ಜಾಗದಲ್ಲಿ ಎರಡು ಲಘು ಇಟ್ಟರೆ 20 ಅಕ್ಷರ 21 ಆಗಿ ಚಂಪಕಮಾಲೆ ಬರುತ್ತದೆ. ಶಾರ್ದೂಲವಿಕ್ರೀಡಿತದಿಂದ ಮತ್ತೇಭವಿಕ್ರೀಡಿತ, ಸ್ರಗ್ಧರೆಯಿಂದ ಮಹಾಸ್ರಗ್ಧರೆ ಹುಟ್ಟುವುದೂ ಹೀಗೆಯೇ.

ಪಂಪನ ಬನವಾಸಿಯ ಪದ್ಯಕ್ಕೆ ಪ್ರಸ್ತಾರ ಹಾಕಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎಲ್ಲರ ಬಾಯಲ್ಲೂ ಇರುವಂತೆ ಕೊನೆಯ ಪಾದವನ್ನು ‘ಆರಂಕುಸಮಿಟ್ಟೊಡಂ’ ಎಂದು ಆರಂಭಿಸಿದರೆ 21 ಅಕ್ಷರ ಸಿಕ್ಕಿ ಚಂಪಕಮಾಲೆಯೇನೋ ಅನ್ನಿಸುತ್ತದೆ, ಆದರೆ ಎರಡು ಲಘು ಇರಬೇಕಾದ ಕಡೆ ಎರಡು ಗುರು ಕೂತಿರುತ್ತವೆ. ಆಗ ನೀವು ಪ್ರಾಸ ನೋಡಲು ಹೇಳಿದಿರಿ. ‘ತೆಂಕ’, ‘ಯಂಕಿ’, ‘ಪಂಕೆ’ ಎಂದು ಪ್ರತಿ ಪಾದದ ಎರಡನೆಯ ಅಕ್ಷರ ಕಕಾರವಾಗಿರುವಾಗ ನಾಲ್ಕನೆಯದು ‘ರಂಕು’ ಎಂದೇ ಶುರುವಾಗಬೇಕು. ‘ಆ’ ಹಿಂದಿನ ಪಾದದ ತುದಿಗೆ ಸೇರಬೇಕು. ಹಾಗೆ ಒಡೆದೊಡನೆ ಉತ್ಪಲಮಾಲೆಯ ಭ ರ ನ ಭ ಭ ರ ಗಣಗಳು, ಕೊನೆಗೊಂದು ಲಘು, ಒಂದು ಗುರು ಸರಿಯಾಗಿ ಕೂತವು.

‘ನೆನೆವುದೆನ್ನ ಮನಂ’ ಎಂಬಲ್ಲಿಗೆ ಬಂದಾಗ ಮನೆ ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ದಿನ ಯಾರೆದುರೂ ಅತ್ತಿರಲಿಲ್ಲ. ನೀವು ಸಮಾಧಾನದ ಮಾತೊಂದನ್ನೂ ಆಡದೆ, ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, “ಮುಂದಿನ ಗಣ ಹೇಳು” ಎಂದಿರಿ. ನನಗೆ ಬೇಕಾಗಿದ್ದುದು ಅದೇ.

ಇನ್ನೊಂದು ಕೋರಿಕೆಯಿದೆ. ನಿಮ್ಮ ಆ ನೋಟ್‌ಬುಕ್ಕು ಅಕ್ಷರಗಣಕ್ಕೆ ಮುಗಿಯುತ್ತದೆ. ನನಗೀಗ ಬೇಕಾಗಿರುವುದು ಅಂಶಗಣ. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂಬುದು ತಿಳಿದಿದ್ದರೂ, ಜನ ಹಾಡುವ ತ್ರಿಪದಿಯನ್ನು ಬರೆದುಕೊಂಡು ಗಣ ವಿಂಗಡಿಸಹೊರಟರೆ ಎಳೆದು ಹಾಡಿದ ಲಘುವನ್ನು ಹೇಗೆ ಎಣಿಸಬೇಕೆಂಬುದು ಬಗೆಹರಿಯುತ್ತಿಲ್ಲ. ಈ ಭಾಗದ ನೋಟ್ಸ್, ನೀವೇ ಪ್ರಸ್ತಾರ ಹಾಕಿದ ತ್ರಿಪದಿ, ಸಾಂಗತ್ಯದ ಹಾಳೆಗಳು ಇದ್ದರೆ ದಯವಿಟ್ಟು ಕೊಡಿ. ಜೆರಾಕ್ಸ್ ಮಾಡಿಸಿಕೊಂಡು, ಹಳೆಯ ನೋಟ್‌ಬುಕ್ಕಿನ ಜೊತೆಗೇ ನಾನೇ ಬಂದು ಹಿಂದಿರುಗಿಸುತ್ತೇನೆ.