ಎಕೋ ರಿಪೋರ್ಟ್ ಯಾಕೆ ಬದಲಾಯಿತು, ದರ ಯಾಕೆ ಏರಿತು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ಈ ತಿಂಗಳಿಂದ ನಮ್ಮಲ್ಲಿ ಹೃದಯದ ಎಕೋ ಸ್ಕ್ಯಾನ್ ರಿಪೋರ್ಟ್ ಹೊಸ ರೂಪದಲ್ಲಿ ಬರುತ್ತಿದೆ. ದರ 1,500 ರೂಪಾಯಿಯಿಂದ 1,800 ಆಗಿದೆ. ರಿಪೋರ್ಟ್ ಕೈಗೆ ಸಿಗುವುದೂ ಸ್ವಲ್ಪ ತಡವಾಗುತ್ತಿದೆ. ಕಾಯುವವರಿಗೆ ಕಷ್ಟ ಅಂತ ಗೊತ್ತು, ಅದಕ್ಕೆ ಕ್ಷಮೆ ಇರಲಿ. ಆದರೆ "ಸುಮ್ನೆ ರಿಪೋರ್ಟಿನಲ್ಲಿ ಒಂದು ಟೇಬಲ್ ಹಾಕಿ 300 ರೂಪಾಯಿ ಜಾಸ್ತಿ ಮಾಡಿದ್ದಾರೆ" ಎಂಬ ಮಾತು ಕೇಳಿ ಬೇಜಾರಾಯಿತು.

ಮೊದಲು ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಬರುತ್ತೇವೆ. "ಹೋದ ಸಲ ಇಎಫ್ 60 ಇತ್ತು, ಈಗ 40 ಬಂದಿದೆ. ಹಾರ್ಟ್ ಕೆಟ್ಟಿತಾ, ಇಲ್ಲಾ ನಿಮ್ಮ ಮಷೀನ್ ಕೆಟ್ಟಿತಾ?"

ಎಷ್ಟೋ ಜನರಲ್ಲಿ ಎರಡೂ ಅಲ್ಲ. ಅಳೆಯುವ ವಿಧಾನ ಬದಲಾಗಿದೆ. ಇಎಫ್ ಅಂದರೆ ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡ ಎಷ್ಟು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಮೊದಲು ಈ ಕೋಣೆಯ ಬುಡದಲ್ಲಿ, ಮೈಟ್ರಲ್ ವಾಲ್ವ್ ಹತ್ತಿರ, ಅಡ್ಡಲಾಗಿ ಒಂದು ಗೆರೆ ಎಳೆದು ಅದರಿಂದಲೇ ಇಡೀ ಕೋಣೆಯ ಲೆಕ್ಕ ಹಾಕುತ್ತಿದ್ದೆವು. ಗೋಡೆಗಳೆಲ್ಲ ಒಂದೇ ಸಮ ಮಿಡಿಯುವವರಿಗೆ ಅದು ಸಾಕು. ಆದರೆ ಹಾರ್ಟ್ ಅಟ್ಯಾಕ್ ಆಗಿ ತುದಿ ಭಾಗ ಸೋತಿದ್ದರೆ, ಬುಡದ ಗೆರೆಗೆ ಅದು ಕಾಣುವುದೇ ಇಲ್ಲ.

ಒಂದು ಉದಾಹರಣೆ ನೋಡಿ. ಮುಂಭಾಗದ ಗೋಡೆಗೆ ಅಟ್ಯಾಕ್ ಆಗಿದ್ದ ಒಬ್ಬ ಗಂಡಸು. ಕೋಣೆಯ ಅಡ್ಡಳತೆ ಹಿಗ್ಗಿದಾಗ 50 ಮಿ.ಮೀ., ಕುಗ್ಗಿದಾಗ 34. ಹಳೇ ಸೂತ್ರಕ್ಕೆ ಇದನ್ನು ಹಾಕಿದರೆ ಇಎಫ್ 60 ಬರುತ್ತದೆ. ಅದೇ ದಿನ, ಅದೇ ಮಷೀನಿನಲ್ಲಿ, ತುದಿಯ ಕಡೆಯಿಂದ ಎರಡು ನೋಟ ಹಿಡಿದು ಒಳ ಅಂಚನ್ನು ಸುತ್ತ ಗುರುತಿಸಿದೆವು. ತುಂಬಿದಾಗ 120 ಎಂ.ಎಲ್., ಕುಗ್ಗಿದ ಮೇಲೆ ಉಳಿದಿದ್ದು 72. ಹೊರಗೆ ಹೋಗಿದ್ದು 48 ಮಾತ್ರ, ಅಂದರೆ ಶೇಕಡ 40. ಔಷಧಿ ನಿರ್ಧಾರಕ್ಕೆ ಬೇಕಾದದ್ದು ಈ 40. ಅವರ ರಿಪೋರ್ಟ್ ಈಗ ಹೀಗಿದೆ:

| ಅಳತೆ | ಬಂದದ್ದು | ಗಂಡಸರ ಸಾಮಾನ್ಯ ಮಿತಿ |
|---|---|---|
| ಎಡ ಕೆಳಕೋಣೆ, ಹಿಗ್ಗಿದಾಗ | 50 ಮಿ.ಮೀ. | 42–58 |
| ಎಡ ಕೆಳಕೋಣೆ, ಕುಗ್ಗಿದಾಗ | 34 ಮಿ.ಮೀ. | 25–40 |
| ಎಡ ಮೇಲ್ಕೋಣೆ, ಮೈಗಾತ್ರಕ್ಕೆ ಹೊಂದಿಸಿ | 38 ಎಂ.ಎಲ್./ಚ.ಮೀ. | 34ರವರೆಗೆ |
| ಇಎಫ್, ಎರಡು ನೋಟದಿಂದ | 40% | 52–72% |
| ಮೈಟ್ರಲ್ ವಾಲ್ವ್ | ಸ್ವಲ್ಪ ಸೋರಿಕೆ | – |
| ಅಯೋರ್ಟಿಕ್ ವಾಲ್ವ್ | ಸರಿಯಿದೆ | – |

ಕೊನೆಯಲ್ಲಿ: ತುದಿ ಮತ್ತು ಮುಂಭಾಗದ ಗೋಡೆ ಸರಿಯಾಗಿ ಮಿಡಿಯುತ್ತಿಲ್ಲ. ಇಎಫ್ 40%. ಮೈಟ್ರಲ್ ಸೋರಿಕೆ ಸ್ವಲ್ಪ. ತುದಿಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲ.

ಟೇಬಲ್‌ನ ಮೊದಲ ಎರಡು ಸಾಲು ಮಾತ್ರ ಓದಿದರೆ ಎಲ್ಲ ಸರಿಯಿದೆ ಅನಿಸುತ್ತದೆ, ಅಲ್ವಾ? ಅದಕ್ಕೇ ಇಎಫ್ ಪಕ್ಕದಲ್ಲಿ ಯಾವ ವಿಧಾನ ಎಂದು ಬರೆಯುತ್ತಿದ್ದೇವೆ. ಎತ್ತರ, ತೂಕ ಕೇಳುವುದು ಮೇಲ್ಕೋಣೆಯ ಸಾಲಿಗಾಗಿ. ಹೆಂಗಸರ ರಿಪೋರ್ಟ್‌ನಲ್ಲಿ ಅವರ ಮಿತಿಗಳೇ ಇರುತ್ತವೆ, ಇಎಫ್ ಅವರಿಗೆ 54ರಿಂದ ಶುರು.

ತಡವಾಗುವುದು ಈ ಗುರುತು ಹಾಕುವ ಕೆಲಸಕ್ಕೆ. ಎದೆಯ ಮೇಲೆ ಇಡುವ ಪ್ರೋಬ್ ಸ್ವಲ್ಪ ಓರೆಯಾದರೂ ತುದಿ ಕತ್ತರಿಸಿ ಹೋಗುತ್ತದೆ, ಕೋಣೆ ಗಿಡ್ಡವಾಗಿ ಕಾಣುತ್ತದೆ, ಇಎಫ್ ಇರುವುದಕ್ಕಿಂತ ಚೆನ್ನಾಗಿ ಬಂದುಬಿಡುತ್ತದೆ. ಎರಡು ನೋಟಗಳಲ್ಲಿ ಕೋಣೆಯ ಉದ್ದ ಶೇಕಡ 10ಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ನಾವು ಮತ್ತೆ ಹಿಡಿಯುತ್ತೇವೆ. ದಪ್ಪ ಮೈಯವರಲ್ಲಿ, ಶ್ವಾಸಕೋಶದ ತೊಂದರೆ ಇರುವವರಲ್ಲಿ ಅಂಚು ಸ್ಪಷ್ಟವಾಗಿ ಕಾಣುವುದಿಲ್ಲ. ಆಗ 'ಕಣ್ಣಂದಾಜು' ಎಂದೇ ಬರೆಯುತ್ತೇವೆ. ಕಾಣದ ಅಂಚಿಗೆ ಗೆರೆ ಎಳೆದು ಸಂಖ್ಯೆ ಕೊಡುವುದಿಲ್ಲ.

ಇನ್ನು ದುಡ್ಡು. ಹೊಸ ವಿಧಾನಕ್ಕೆ ಸಮಯ ಹೆಚ್ಚು ಬೇಕು, ಹಾಗಾಗಿ ದಿನಕ್ಕೆ ನೋಡುವವರ ಸಂಖ್ಯೆ ಕಡಿಮೆಯಾಗಿದೆ. ಪ್ರೋಬ್ ಕೆಟ್ಟರೆ ಲಕ್ಷದ ಮಾತು. ಮಷೀನಿನ ವಾರ್ಷಿಕ ನಿರ್ವಹಣೆಗೆ ಶೇಕಡ 18 ಜಿಎಸ್‌ಟಿ ಕಟ್ಟುತ್ತೇವೆ. ನಿಮ್ಮ ಪರೀಕ್ಷೆಗೆ ಜಿಎಸ್‌ಟಿ ಇಲ್ಲ, ಒಳ್ಳೆಯದೇ. ಆದರೆ ಅದೇ ಕಾರಣಕ್ಕೆ ನಾವು ಕಟ್ಟಿದ ತೆರಿಗೆ ನಮಗೆ ವಾಪಸ್ ಸಿಗುವುದಿಲ್ಲ. ಇದನ್ನೆಲ್ಲ ಇಷ್ಟು ದಿನ ನಾವೇ ಹೊತ್ತಿದ್ದೆವು.

ಹಳೇ 60, ಹೊಸ 40 ನೋಡಿ ಗಾಬರಿಯಾದವರು ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ, ನೀವೇ ಹೆಚ್ಚಿಸಲೂ ಬೇಡಿ. ಹಳೇ ರಿಪೋರ್ಟ್ ತನ್ನಿ. ಹಳೇ ಚಿತ್ರಗಳು ನಮ್ಮಲ್ಲಿ ಉಳಿದಿದ್ದು, ಎರಡು ನೋಟಗಳೂ ಸಿಕ್ಕಿದರೆ, ಹೊಸ ವಿಧಾನದಲ್ಲಿ ಮತ್ತೆ ಅಳೆದು ಪಕ್ಕಪಕ್ಕ ಬರೆದುಕೊಡುತ್ತೇವೆ. ಅದಕ್ಕೆ ಹಣವಿಲ್ಲ. ಒಂದೇ ವಿಧಾನದಲ್ಲೂ 4–5 ಅಂಕ ಆಚೀಚೆ ಆಗುವುದು ಸಹಜ, 55 ಇದ್ದದ್ದು 52 ಬಂದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಮಧ್ಯಾಹ್ನ ಮೂರರ ಮೇಲೆ ಬಂದರೆ ನಮ್ಮ ಡಾಕ್ಟರೇ ಕೂತು ನಿಮಗೆ ಸಾಲು ಸಾಲಾಗಿ ಹೇಳುತ್ತಾರೆ.

ಇಂತಿ,
ನಿಮ್ಮ ಎಕೋ ಸೆಂಟರ್ ಬಳಗ