‘ಸರ್ವರ್ ಡೌನ್ ಇತ್ತು’ ಅಂದರೆ ದಂಡ ಮನ್ನಾ ಆಗೋದಿಲ್ಲ

ಮಾನ್ಯ ಸಂಪಾದಕರೇ,

ಕಾಲೇಜು ಶುಲ್ಕದ ಕೊನೇ ದಿನ ಬ್ಯಾಂಕಿನ ಸರ್ವರ್ ಕೈಕೊಟ್ಟು, ಮಾರನೇ ದಿನ ದಂಡ ಮನ್ನಾ ಮಾಡಿ ಎಂದು ಪ್ರಾಂಶುಪಾಲರ ಬಾಗಿಲಲ್ಲಿ ನಿಲ್ಲುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಈ ಸಲ ಆ ಸಾಲಿನಲ್ಲಿ ನನ್ನ ಮಗಳೂ ಇದ್ದಳು. ಎರಡು ಅರ್ಜಿ ಬರೆದಳು. ಮೊದಲನೆಯದು ಹಾಗೇ ವಾಪಸ್ ಬಂತು, ಎರಡನೆಯದು ಕೆಲಸ ಮಾಡಿತು. ಎರಡರ ನಡುವೆ ಏನು ವ್ಯತ್ಯಾಸ ಎಂದು ಹೇಳಲು ಈ ಪತ್ರ.

ಅವಳು ಬಿ.ಕಾಂ. ಎರಡನೇ ವರ್ಷ. ಕಟ್ಟಬೇಕಿದ್ದದ್ದು 8,400 ರೂಪಾಯಿ, ತಡವಾದರೆ ದಂಡ 500. ನನ್ನ ಸಂಬಳ ಬಂದದ್ದೇ ಕೊನೇ ದಿನ ಸಂಜೆ. ರಾತ್ರಿ 9 ಗಂಟೆ 42 ನಿಮಿಷಕ್ಕೆ ಕಾಲೇಜಿನ ಶುಲ್ಕದ ಪುಟದಿಂದ ಯುಪಿಐ ಮೂಲಕ ಕಟ್ಟಿದೆವು. ನನ್ನ ಖಾತೆಯಿಂದ ಹಣ ಹೋಯಿತು, ಮೆಸೇಜೂ ಬಂತು. ಆದರೆ ಕಾಲೇಜಿನ ಪುಟದಲ್ಲಿ ‘ಪೆಂಡಿಂಗ್’ ಎಂದೇ ತೋರಿಸುತ್ತಿತ್ತು. ಮತ್ತೊಮ್ಮೆ ಕಟ್ಟೋಣವೆಂದರೆ ಖಾತೆಯಲ್ಲಿ ಉಳಿದಿದ್ದು ಎರಡು ಸಾವಿರ. ಬೆಳಿಗ್ಗೆ ನೋಡಿದರೆ ಅದೇ ಪುಟದಲ್ಲಿ 8,900 ಕೇಳುತ್ತಿತ್ತು.

ಮಗಳು ಬರೆದ ಮೊದಲ ಅರ್ಜಿ ಮೂರೇ ಸಾಲು. ‘ನಿನ್ನೆ ಬ್ಯಾಂಕ್ ಸರ್ವರ್ ಡೌನ್ ಇದ್ದ ಕಾರಣ ಶುಲ್ಕ ಕಟ್ಟಲು ಆಗಲಿಲ್ಲ. ನಾವು ಬಡವರು. ದಯವಿಟ್ಟು ದಂಡ ಮನ್ನಾ ಮಾಡಿ.’ ಪ್ರಾಂಶುಪಾಲರು ಓದಿ, ‘ನೋಡಮ್ಮಾ, ಇವತ್ತು ಬೆಳಿಗ್ಗೆಯಿಂದ ಇಂಥವೇ ಹತ್ತು ಬಂದಿವೆ. ಯಾರದ್ದು ನಿಜ ಅಂತ ನಾನು ಹೇಗೆ ತಿಳಿಯಲಿ?’ ಎಂದರಂತೆ. ಕೇಳಿದಾಗ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರು ಕೇಳಿದ್ದು ಸರಿ ಅನ್ನಿಸಿತು. ಲೆಕ್ಕ ತಪಾಸಣೆಗೆ ಬಂದವರು ಈ 500 ಯಾಕೆ ಬಿಟ್ಟಿರಿ ಎಂದು ಕೇಳಿದರೆ, ತೋರಿಸಲು ಅವರ ಕೈಯಲ್ಲೂ ಒಂದು ಕಾಗದ ಇರಬೇಕಲ್ವಾ?

ಬಡತನದ ಮಾತನ್ನು ನಾನೇ ತೆಗೆಸಿದೆ. ಅದು ಶುಲ್ಕ ರಿಯಾಯಿತಿ ಕೇಳುವ ಅರ್ಜಿಗೆ ಬೇಕಾದ ಮಾತು. ಇಲ್ಲಿ ತೋರಿಸಬೇಕಾದದ್ದು ಒಂದೇ: ಗಡುವಿನೊಳಗೆ ನಾವು ಹಣ ಕಳಿಸಿದೆವು, ದಾರಿಯಲ್ಲಿ ಅದು ನಿಂತಿತು.

ಹಾಗಾಗಿ ಮೊದಲು ನೋಡಬೇಕಾದದ್ದು ಖಾತೆಯಿಂದ ಹಣ ಹೋಗಿದೆಯೇ ಇಲ್ಲವೇ ಅಂತ. ಹೋಗಿದ್ದರೆ ಕೆಲಸ ಸುಲಭ. ಪ್ರತಿ ಯುಪಿಐ ಪಾವತಿಗೂ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ, ಯುಟಿಆರ್ ಅಂತಾರೆ. ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದರೆ ದಿನಾಂಕ, ಗಂಟೆ, ನಿಮಿಷದ ಜೊತೆ ಸಿಗುತ್ತದೆ. ಹೀಗೆ ಅಂಗಡಿಗೋ ಕಾಲೇಜಿಗೋ ಕಟ್ಟಿದ ಹಣ ನಮ್ಮ ಖಾತೆಯಿಂದ ಹೋಗಿ, ಅಲ್ಲಿ ಖಾತ್ರಿಯಾಗದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಆಮೇಲೂ ಬಾರದಿದ್ದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿದೆ. ನಮ್ಮ ಹಣ ನಾಲ್ಕನೇ ದಿನ ಬಂತು. ಹಣ ಬಂತಲ್ಲ, ಇನ್ನು ಆ ಮೆಸೇಜ್ ಯಾಕೆ ಎಂದು ಅಳಿಸಬೇಡಿ. ಹೋದದ್ದು, ಬಂದದ್ದು ಎರಡೂ ಇರುವ ಖಾತೆ ವಿವರದ ಪುಟವೇ ದೊಡ್ಡ ಸಾಕ್ಷಿ. ಗಡುವಿನ ದಿನ ನಾವು ಕಟ್ಟಿದ್ದೆವು ಎಂದು ಅದರಲ್ಲಿ ಬ್ಯಾಂಕೇ ಬರೆದುಕೊಟ್ಟಂತೆ.

ಹಣ ಹೋಗದೆ ಬರೀ ತಪ್ಪಿನ ಸಂದೇಶ ಬಂದಿದ್ದರೆ ಕಷ್ಟ ಜಾಸ್ತಿ. ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಆಗಲೇ ಬ್ಯಾಂಕಿನ ಆ್ಯಪ್‌ನಲ್ಲೋ ಸಹಾಯವಾಣಿಯಲ್ಲೋ ದೂರು ದಾಖಲಿಸಬೇಕು. ದೂರಿನ ಸಂಖ್ಯೆ ಬಂದ ದಿನ, ಹೊತ್ತು ದಾಖಲಾಗುತ್ತದೆ. ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಿದ್ದಬಹುದು, ದೂರಿನ ಸಂಖ್ಯೆಯನ್ನು ಹಾಗೆ ಮಾಡಲಾಗದು. ಚಲನ್ ಹಿಡಿದು ಶಾಖೆಗೇ ಹೋದವರಾದರೆ, ‘ಸಿಸ್ಟಮ್ ಇಲ್ಲ, ನಾಳೆ ಬನ್ನಿ’ ಎಂದಾಗ ಸುಮ್ನೆ ವಾಪಸ್ ಬರಬೇಡಿ. ಚಲನ್ ಹಿಂದೆ ಅದನ್ನೇ ಎರಡು ಪದದಲ್ಲಿ ಬರೆದು ದಿನಾಂಕದ ಸೀಲು ಹಾಕಿಕೊಡಿ ಎಂದು ಕೇಳಿ. ಎಲ್ಲರೂ ಕೊಡುವುದಿಲ್ಲ, ಕೇಳಿದರೆ ಕೆಲವರು ಕೊಡುತ್ತಾರೆ.

ಎರಡನೇ ಅರ್ಜಿಯ ಮುಖ್ಯ ಭಾಗ ಹೀಗಿತ್ತು:

‘ಮಾನ್ಯರೇ, ಶುಲ್ಕದ ಕೊನೇ ದಿನ ರಾತ್ರಿ 9.42ಕ್ಕೆ ನನ್ನ ತಂದೆಯವರ ಖಾತೆಯಿಂದ 8,400 ರೂ. ಕಟ್ಟಿದ್ದೇನೆ. ಯುಟಿಆರ್ ಸಂಖ್ಯೆ ಕೆಳಗಿದೆ. ಹಣ ಕಾಲೇಜಿಗೆ ಜಮೆಯಾಗದೆ ನಾಲ್ಕನೇ ದಿನ ಅದೇ ಖಾತೆಗೆ ಮರಳಿದೆ. ಖಾತೆ ವಿವರದ ಪ್ರತಿ ಲಗತ್ತಿಸಿದ್ದೇನೆ. ಕಾಲೇಜಿನ ಪಾವತಿ ಪಟ್ಟಿಯಲ್ಲೂ ಈ ಸಂಖ್ಯೆ ಇದೆಯೇ ಎಂದು ಲೆಕ್ಕ ವಿಭಾಗದಿಂದ ಪರಿಶೀಲಿಸಲು ಕೋರುತ್ತೇನೆ. ಶುಲ್ಕವನ್ನು ದಂಡದ ಸಮೇತ ಇಂದು ಕಟ್ಟಿದ್ದೇನೆ. ಮನವಿ ಒಪ್ಪಿಗೆಯಾದರೆ ದಂಡದ 500 ರೂ.ಗಳನ್ನು ಮುಂದಿನ ಶುಲ್ಕಕ್ಕೆ ಹೊಂದಿಸಬೇಕಾಗಿ ವಿನಂತಿ.’

ದಂಡ ಕಟ್ಟಿಯೇ ಅರ್ಜಿ ಕೊಟ್ಟದ್ದು ಬೇಕೆಂದೇ. ಕಟ್ಟದೆ ಉತ್ತರಕ್ಕೆ ಕಾಯುತ್ತಾ ಕೂತರೆ ದಂಡ ಬೆಳೆಯಬಹುದು, ಹಾಲ್ ಟಿಕೆಟ್‌ಗೂ ತೊಂದರೆ ಆಗಬಹುದು. ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡಳು.

ಪಾವತಿ ಪಟ್ಟಿಯ ಸಾಲು ಸೇರಿಸಲು ಹೇಳಿದ್ದು ಲೆಕ್ಕದ ಕೆಲಸ ಮಾಡುವ ನನ್ನ ಸ್ನೇಹಿತರು. ಆನ್‌ಲೈನ್ ಶುಲ್ಕ ಪಡೆಯುವ ಕಾಲೇಜಿಗೆ ಯಶಸ್ವಿಯಾದ ಪಾವತಿ ಮಾತ್ರವಲ್ಲ, ಅರ್ಧಕ್ಕೆ ನಿಂತವೂ ಸಾಮಾನ್ಯವಾಗಿ ಕಾಣುತ್ತವೆ. ಆದರೆ ಲೆಕ್ಕ ವಿಭಾಗದವರು ನೋಡುವುದು ಹಣ ಜಮೆಯಾದ ದಿನವನ್ನು. ಜಮೆ ಆಗುವುದೇ ಒಂದೆರಡು ಕೆಲಸದ ದಿನ ಕಳೆದ ಮೇಲೆ. ಹೀಗಾಗಿ ಗಡುವಿನೊಳಗೆ ಸರಿಯಾಗಿ ಕಟ್ಟಿದವರಿಗೂ ಕೆಲವೊಮ್ಮೆ ದಂಡ ಬೀಳುವುದುಂಟು. ನಮ್ಮ ಪ್ರಕರಣದಲ್ಲಿ ಗುಮಾಸ್ತರು ಆ ಪಟ್ಟಿ ತೆರೆದು ನೋಡಿದರು. 9.42ರ ಪಾವತಿ ಅಲ್ಲಿತ್ತು. ಪ್ರಾಂಶುಪಾಲರು ಅರ್ಜಿಯ ಮೂಲೆಯಲ್ಲೇ ‘ಹೊಂದಿಸಿ’ ಎಂದು ಬರೆದು ಸಹಿ ಹಾಕಿದರು.

ಒಂದು ಎಚ್ಚರಿಕೆ. ಇದು ಕಾಲೇಜು ತಾನೇ ಹಾಕುವ ದಂಡದ ಮಾತು. ಪರೀಕ್ಷಾ ಶುಲ್ಕದ ದಂಡ ವಿಶ್ವವಿದ್ಯಾಲಯದ್ದು. ಅದನ್ನು ಬಿಡುವ ಅಧಿಕಾರ ಪ್ರಾಂಶುಪಾಲರಿಗಿಲ್ಲ. ಅಲ್ಲಿ ಅರ್ಜಿಯನ್ನು ಕುಲಸಚಿವರ (ಮೌಲ್ಯಮಾಪನ) ಹೆಸರಿಗೆ ಬರೆದು, ಶಿಫಾರಸು ಮಾಡಿ ಕಳಿಸಿಕೊಡಿ ಎಂದಷ್ಟೇ ಪ್ರಾಂಶುಪಾಲರನ್ನು ಕೇಳಬೇಕು. ಇದು ಗೊತ್ತಿಲ್ಲದೆ ಮಕ್ಕಳು ವಾರಗಟ್ಟಲೆ ತಪ್ಪು ಬಾಗಿಲಲ್ಲಿ ನಿಲ್ಲುತ್ತಾರೆ.

ಕಾಲೇಜುಗಳಿಗೆ ನಮ್ಮ ಕೋರಿಕೆ ಚಿಕ್ಕದು. ಶುಲ್ಕದ ನೋಟಿಸಿನಲ್ಲಿ ಎರಡು ಸಾಲು ಸೇರಿಸಲಿ: ದಂಡಕ್ಕೆ ಪಾವತಿ ಮಾಡಿದ ಹೊತ್ತು ಲೆಕ್ಕ, ಜಮೆಯಾದ ದಿನ ಅಲ್ಲ. ಪಾವತಿ ನಿಂತರೆ ಯುಟಿಆರ್ ಸಮೇತ ಇಷ್ಟು ದಿನದೊಳಗೆ ಅರ್ಜಿ ಕೊಡಿ. ಅದೇ ರಾತ್ರಿ ಮಗಳ ಸಹಪಾಠಿಯೊಬ್ಬನ ಹಣವೂ ಹೀಗೇ ಹೋಗಿ ವಾಪಸ್ ಬಂದಿತ್ತು. ಅವನು ಇವತ್ತಿಗೂ ‘ಸರ್ವರ್ ಡೌನ್ ಇತ್ತು ಸರ್’ ಎಂದಷ್ಟೇ ಹೇಳುತ್ತಿದ್ದಾನೆ. ಖಾತೆ ವಿವರ ತರಲು ಈ ವಾರ ಅವನ ಅಮ್ಮ ಬ್ಯಾಂಕಿಗೆ ಹೋಗುತ್ತಿದ್ದಾರೆ.

ಇಂತಿ,
ಒಬ್ಬ ವಿದ್ಯಾರ್ಥಿನಿಯ ತಂದೆ,
ತಿಪಟೂರು