ಕಬ್ಬಿಣಾಂಶದ ವರದಿಯಲ್ಲಿನ ಕ್ಯಾಲಿಬ್ರೇಷನ್ ರೇಖೆಯ ದೋಷದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ನೀರು ಪರೀಕ್ಷಾ ಪ್ರಯೋಗಾಲಯ

ಮಾನ್ಯರೇ,

ನಮ್ಮ ಕೊಳವೆಬಾವಿಯ ನೀರು ಮತ್ತು ಫಿಲ್ಟರ್ ದಾಟಿ ಬಂದ ನೀರು, ಈ ಎರಡು ಮಾದರಿಗಳಿಗೆ ನೀವು ಕೊಟ್ಟ ವರದಿಯನ್ನು ಒಪ್ಪಲಾಗುತ್ತಿಲ್ಲ. ಫಿನಾಂತ್ರೊಲೀನ್ ವಿಧಾನ, 510 ನ್ಯಾನೊಮೀಟರ್, 1 ಸೆಂ.ಮೀ. ಕ್ಯುವೆಟ್, ಇವುಗಳ ಬಗ್ಗೆ ತಕರಾರಿಲ್ಲ. ತಪ್ಪಿರುವುದು ರೇಖೆ ಎಳೆದ ರೀತಿಯಲ್ಲಿ.

ನಾವು ಕೇಳಿದ ಮೇಲೆ ನೀವು ಕಳಿಸಿದ ಓದುಗಳಲ್ಲಿ ಸ್ಟ್ಯಾಂಡರ್ಡ್‌ಗಳು ಲೀಟರಿಗೆ 0, 0.5, 1, 2, 3, 4 ಮಿ.ಗ್ರಾಂ, ಅಬ್ಸಾರ್ಬೆನ್ಸ್ ಕ್ರಮವಾಗಿ 0.021, 0.120, 0.219, 0.417, 0.613, 0.811. ಉಪಕರಣವನ್ನು ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆ ಮಾಡಿದ್ದೀರಿ. ಹಾಗಾಗಿ ರಾಸಾಯನಿಕಗಳದ್ದೇ 0.021 ಪ್ರತಿ ಓದಿನಲ್ಲೂ ಸೇರಿಕೊಂಡಿದೆ. ಅದನ್ನು ಕಳೆಯದೆ ರೇಖೆಯನ್ನು ಬಲವಂತವಾಗಿ ಸೊನ್ನೆಯ ಮೂಲಕ ಹಾಯಿಸಿದ್ದರಿಂದ ಇಳಿಜಾರು 0.2048 ಆಗಿದೆ. ಬಿಂದುಗಳು ಹೇಳುವ ರೇಖೆ ಇದು:

A = 0.1974 C + 0.0214

ಫಿಲ್ಟರ್ ನೀರಿನ ಓದು 0.070. ನಿಮ್ಮ ರೇಖೆಯಲ್ಲಿ ಅದು 0.342, ಈ ರೇಖೆಯಲ್ಲಿ 0.0214 ಕಳೆದು 0.1974ರಿಂದ ಭಾಗಿಸಿದರೆ 0.25. ಫಿಲ್ಟರ್ ಪೂರೈಕೆದಾರರ ಜೊತೆಗಿನ ಒಪ್ಪಂದದ ಮಿತಿ 0.3 ಆಗಿರುವುದರಿಂದ, ಸರಿಯಾಗಿ ಕೆಲಸ ಮಾಡುತ್ತಿರುವ ಫಿಲ್ಟರನ್ನು ನಿಮ್ಮ ವರದಿ ಕೆಟ್ಟಿದೆ ಎನ್ನುತ್ತಿದೆ. R² 0.99 ದಾಟಿದರೂ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಓದುಗಳ ಹತ್ತಿರ 0.02 ಮುಚ್ಚಿಹೋಗುತ್ತದೆ, ಕಡಿಮೆ ಕಬ್ಬಿಣವಿರುವಲ್ಲಿ ಉತ್ತರವನ್ನೇ ಬದಲಿಸುತ್ತದೆ. ಗ್ರಾಫಿನಲ್ಲಿ ಬಿಂದುಗಳನ್ನೇ ಹಾಕದೆ ಬರಿ ಗೆರೆ ಮುದ್ರಿಸಿದ್ದು ಇನ್ನೂ ಕೆಟ್ಟ ಅಭ್ಯಾಸ. ಬಿಂದುಗಳಿದ್ದಿದ್ದರೆ ಮೊದಲನೆಯದೇ ಗೆರೆಯಿಂದ ಮೇಲೆ ನಿಂತಿರುವುದು ಕಾಣುತ್ತಿತ್ತು.

ಕೊಳವೆಬಾವಿಯ ಮಾದರಿಯದು ಬೇರೆ ತೊಂದರೆ. ಅದರ ಓದು 1.312, ಆದರೆ ನಿಮ್ಮ ಕೊನೆಯ ಸ್ಟ್ಯಾಂಡರ್ಡ್ 0.811ಕ್ಕೇ ಮುಗಿಯುತ್ತದೆ. ಆಚೆಗೆ ಗೆರೆ ಎಳೆದು 6.41 ಎಂದು ಬರೆದಿದ್ದೀರಿ. ಅಲ್ಲಿ ರೇಖೆ ನೇರವಾಗಿಯೇ ಇರುತ್ತದೆ ಎನ್ನಲು ಆಧಾರವಿಲ್ಲ: ಫಿನಾಂತ್ರೊಲೀನ್ ಸಾಲದೆ ಹೋದರೆ, ಇಲ್ಲವೇ ಉಪಕರಣದೊಳಗೆ ಅನ್ಯ ಬೆಳಕು ಸೋರಿದರೆ, ಓದು ಕೆಳಗೆ ಬಾಗುತ್ತದೆ, ಕಬ್ಬಿಣ ಕಡಿಮೆ ತೋರುತ್ತದೆ. 10 ಮಿ.ಲೀ. ಮಾದರಿಯನ್ನು 50ಕ್ಕೆ ತೆಳುಮಾಡಿ, ಆಮೇಲೆ ಹೊಸದಾಗಿ ಬಣ್ಣ ಬರಿಸಬೇಕಿತ್ತು. ಬಣ್ಣ ಬಂದ ದ್ರಾವಣಕ್ಕೆ ನೀರು ಸುರಿದರೆ ಸಾಲದ ರಾಸಾಯನಿಕ ಸಾಲದೇ ಉಳಿಯುತ್ತದೆ. ತೆಳುಮಾಡಿದ್ದು 0.290 ಓದಿದರೆ, ಉದಾಹರಣೆಗೆ, 1.36 ಸಿಗುತ್ತದೆ, 5ರಿಂದ ಗುಣಿಸಿದರೆ 6.8.

ಎರಡೂ ಮಾದರಿಗಳನ್ನು ಶುಲ್ಕವಿಲ್ಲದೆ ಮತ್ತೆ ಪರೀಕ್ಷಿಸಿ. ಆಮ್ಲ ಹಾಕಿಟ್ಟ ಜೋಡಿ ಬಾಟಲಿಗಳು ನಮ್ಮಲ್ಲಿವೆ. ಫಿಲ್ಟರ್ ನೀರಿಗೆ 0.1 ಮತ್ತು 0.2ರ ಸ್ಟ್ಯಾಂಡರ್ಡ್‌ಗಳನ್ನೂ ಸೇರಿಸಿ, ಮೂರು ಬಾರಿ ಓದಿ. ಹೊಸ ವರದಿಯಲ್ಲಿ ಬ್ಲ್ಯಾಂಕ್ ಸಹಿತ ಎಲ್ಲ ಓದುಗಳು, ಬಿಂದುಗಳಿರುವ ಗ್ರಾಫು, ಸಮೀಕರಣ ಮತ್ತು ತೆಳುಮಾಡಿದ ಪ್ರಮಾಣ ಇರಲಿ. ಅದು ಕೈಸೇರುವವರೆಗೆ ಹಳೆಯ ವರದಿಯನ್ನು ಹಿಂಪಡೆದಿರುವುದಾಗಿ ಲಿಖಿತವಾಗಿ ತಿಳಿಸಿ.

ಇಂತಿ,
ಗುಣಮಟ್ಟ ವಿಭಾಗ,
ಕುಡಿಯುವ ನೀರಿನ ಘಟಕ